ಕ್ರೀಮ್ ಬನ್‌ಗೆ 5 ಡಿಗ್ರಿ ಏಕೆ?

ಬೇಕರಿಯ ಆಹಾರ ಸುರಕ್ಷತಾ ಯೋಜನೆಯಲ್ಲಿ ಮುಖ್ಯವಾದದ್ದು ಒಂದು ಕೋಷ್ಟಕ. ನಮ್ಮ ಲೆಡ್ಜರ್‌ನಂತೆ ಅದಕ್ಕೂ ಕಲಂಗಳಿವೆ. ತಯಾರಿಕೆಯ ಹಂತ, ಅಲ್ಲಿ ಬರಬಹುದಾದ ಅಪಾಯ, ಅದನ್ನು ತಡೆಯುವ ಕ್ರಮ, ಮಿತಿ, ಯಾರು ಯಾವಾಗ ನೋಡಬೇಕು, ಮಿತಿ ಮೀರಿದರೆ ಏನು ಮಾಡಬೇಕು ಎಂದು ಸಾಲಾಗಿ ಬರೆಯುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳ ಆಹಾರಕ್ಕಾಗಿ ರೂಪಿಸಿದ ಈ ಪದ್ಧತಿಯನ್ನು ಹ್ಯಾಸಪ್ ಎನ್ನುತ್ತಾರೆ.

ಫ್ರೆಶ್ ಕ್ರೀಮ್ ತುಂಬಿದ ಬನ್ನನ್ನೇ ನೋಡೋಣ. ಮೈದಾದಲ್ಲಿ ಕಲ್ಲು, ತಂತಿ ಚೂರು ಇರಬಹುದು. ಅದಕ್ಕೆ ಜರಡಿ ಇದೆ. ಹಿಟ್ಟಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ಓವನ್ ಅದನ್ನು ಕೊಲ್ಲುತ್ತದೆ. ಚೆನ್ನಾಗಿ ಬೆಂದ ಬನ್ನಿನ ನಡುಭಾಗ 90 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹಾಗಾಗಿ ಓವನ್ ಇರುವಾಗ ಭಯವೇನು ಎಂದು ಅನೇಕರು ಅಂದುಕೊಳ್ಳುತ್ತಾರೆ. ಆದರೆ ಕ್ರೀಮ್ ತುಂಬುವುದು ಬನ್ ಆರಿದ ಮೇಲೆ. ಅದಾದ ನಂತರ ಮತ್ತೆ ಬಿಸಿ ಮಾಡುವ ಹಂತವೇ ಇಲ್ಲ. ಈ ಅಪಾಯವನ್ನು ಮುಂದಿನ ಯಾವುದಾದರೂ ಹಂತ ತೆಗೆಯುತ್ತದೆಯೇ ಎಂದು ಕೇಳಿದಾಗ ಉತ್ತರ 'ಇಲ್ಲ' ಎಂದಾದರೆ ಅದು ನಿರ್ಣಾಯಕ ನಿಯಂತ್ರಣ ಬಿಂದು. ಇಲ್ಲಿ ಅದು ಫ್ರಿಜ್.

ಕೆಲಸಗಾರರ ಕೈ, ಮೂಗಿನಿಂದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕ್ರೀಮಿಗೆ ಸೇರಬಹುದು. ಬೆಚ್ಚಗಿನ ಜಾಗದಲ್ಲಿ ಅದು ಬೆಳೆದು ವಿಷ ಉಂಟುಮಾಡುತ್ತದೆ. ರುಚಿ, ವಾಸನೆ ಬದಲಾಗದೇ ಇರಬಹುದು. ಮತ್ತೆ ತಣ್ಣಗೆ ಮಾಡಿದರೂ ಆಗಲೇ ಉಂಟಾದ ವಿಷ ಹೋಗುವುದಿಲ್ಲ. ಆದ್ದರಿಂದ ಮಿತಿ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಅದಕ್ಕಿಂತ ಬೆಚ್ಚಗೆ ಇದ್ದ ಹೊತ್ತು ಒಟ್ಟು 2 ಗಂಟೆ ಮೀರಬಾರದು ಎಂದು ನಮ್ಮ ಉದಾಹರಣೆಯ ಬೇಕರಿ ಬರೆದುಕೊಂಡಿದೆ ಎನ್ನೋಣ.

ಬೆಳಿಗ್ಗೆ 10ಕ್ಕೆ 40 ಬನ್ ಫ್ರಿಜ್ಜಿಗೆ ಹೋದವು. 11ಕ್ಕೆ ನೋಡಿದಾಗ 4 ಡಿಗ್ರಿ. ಕರೆಂಟ್ ಹೋಗಿ, 12ಕ್ಕೆ 9 ಡಿಗ್ರಿ. ಯಾವಾಗ ಏರಿತೋ ತಿಳಿಯದು, ಆದ್ದರಿಂದ 11ರಿಂದಲೇ ಎಂದು ಲೆಕ್ಕ ಹಾಕಬೇಕು. ಅಂದರೆ ಹೆಚ್ಚೆಂದರೆ 1 ಗಂಟೆ. ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, ಆ ಒಂದು ಗಂಟೆಯನ್ನು ಬರೆದಿಟ್ಟರೆ ಮಾರಬಹುದು. ಅದೇ ಬೇಕರಿ ಬನ್ ಇಡುವಾಗ ಒಮ್ಮೆ, ಮಧ್ಯಾಹ್ನ 2ಕ್ಕೆ ಒಮ್ಮೆ ಮಾತ್ರ ನೋಡಿದ್ದರೆ? ನಡುವಿನ 4 ಗಂಟೆಗೆ ಸಾಕ್ಷಿಯಿಲ್ಲ. 40 ಬನ್ ಎಸೆಯಬೇಕು. ಒಂದಕ್ಕೆ 30 ರೂಪಾಯಿಯಂತೆ 1,200 ರೂಪಾಯಿ ನಷ್ಟ. ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂಬ ಕಲಂ ನಿಜಕ್ಕೂ ಹಣದ ಕಲಂ ಎಂದು ವಾಣಿಜ್ಯದವಳಾದ ನನಗೆ ಅನ್ನಿಸಿತು.

ಫ್ರಿಜ್ ಬಾಗಿಲಿನ ಅಂಕಿ ಒಳಗಿನ ಗಾಳಿಯದ್ದು, ಕ್ರೀಮಿನದ್ದಲ್ಲ. ಒಂದು ಮಾದರಿ ಬನ್ನಿಗೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. ಆ ಥರ್ಮಾಮೀಟರ್ ಐಸ್ ತುಂಬಿದ ನೀರಿನಲ್ಲಿ 0 ತೋರಿಸಬೇಕು. ದಾಖಲೆ ಪುಸ್ತಕದಲ್ಲಿ ತಿಂಗಳಿಡೀ 4, 4, 4 ಎಂದೇ ಇದ್ದರೆ ಸಂಶಯಪಡಿ. ಹೊಸ ಟ್ರೇ ಇಟ್ಟಾಗ, ಬಾಗಿಲು ತೆರೆದಾಗ ಅಂಕಿ ಸ್ವಲ್ಪವಾದರೂ ಏರಿಳಿಯುತ್ತದೆ.