ಬೆಕ್ಕಿನ ಅತಿಯಾದ ನೆಕ್ಕುವಿಕೆ ಮತ್ತು ಬೋಳು ಮಚ್ಚೆಗಳು: ಕಾರಣವನ್ನು ಗುರುತಿಸುವ ಕ್ರಮ

ದವಸದ ಕೋಣೆಯನ್ನು ಇಲಿಗಳಿಂದ ಕಾಯುವ ಬೆಕ್ಕಿನ ಹೊಟ್ಟೆ, ಒಳತೊಡೆ ಅಥವಾ ಬಾಲದ ಬುಡದಲ್ಲಿ ಕೂದಲು ಹೋಗಿ ಚರ್ಮ ಕಾಣತೊಡಗಿದಾಗ, ಮನೆಯವರು ಸಾಮಾನ್ಯವಾಗಿ ‘ಕೂದಲು ಉದುರುತ್ತಿದೆ’ ಎನ್ನುತ್ತಾರೆ. ಬಹಳಷ್ಟು ಸಂದರ್ಭಗಳಲ್ಲಿ ಕೂದಲು ತಾನಾಗಿ ಉದುರಿರುವುದಿಲ್ಲ. ಬೆಕ್ಕೇ ಅದನ್ನು ನೆಕ್ಕಿ ಕತ್ತರಿಸಿರುತ್ತದೆ. ಬೆಕ್ಕಿನ ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಗಡಸು ಮುಳ್ಳುಗಳಿರುವುದರಿಂದ ಇದು ಸಾಧ್ಯ. ಬೋಳಾದ ಜಾಗದ ಮೇಲೆ ಬೆರಳಾಡಿಸಿದರೆ ಮೋಟು ಕೂದಲು ಒರಟಾಗಿ ತಗಲುತ್ತದೆ. ಪಶುವೈದ್ಯರು ಅಂತಹ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತುದಿ ಚೂಪಾಗಿರದೆ ಮುರಿದಿರುತ್ತದೆ. ಬೆಕ್ಕು ಮರೆಯಲ್ಲಿ ಕುಳಿತು ನೆಕ್ಕುವುದರಿಂದ, ‘ನಾವು ನೋಡಿಯೇ ಇಲ್ಲ’ ಎಂಬ ಮಾತನ್ನು ವಿಸ್ತರಣಾ ಕಾರ್ಯಕರ್ತರು ಪುರಾವೆಯಾಗಿ ಸ್ವೀಕರಿಸಬಾರದು.

ಒಂದು ಉದಾಹರಣೆಯನ್ನು ಗಮನಿಸೋಣ. ಮನೆಗೆ ಹೊಸ ನಾಯಿಮರಿ ಬಂದ ಒಂದು ತಿಂಗಳಲ್ಲಿ ಬೆಕ್ಕಿನ ಬಾಲದ ಬುಡ ಹಾಗೂ ಹಿಂದೊಡೆಗಳು ಬೋಳಾದವು ಎಂದಿಟ್ಟುಕೊಳ್ಳಿ. ನಾಯಿಯ ಭಯದಿಂದ ಹೀಗಾಗಿದೆ ಎಂದು ಊಹಿಸುವುದು ಸಹಜ. ಆದರೆ ನಾಯಿಮರಿಯೊಂದಿಗೆ ಚಿಗಟಗಳೂ ಮನೆಗೆ ಬಂದಿರಬಹುದು. ಆದ್ದರಿಂದ ಮೊದಲ ಪರೀಕ್ಷೆ ಚಿಗಟದ್ದೇ ಆಗಿರಬೇಕು. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಸೊಂಟದ ಮೇಲೆ ಬಾಚಿ, ಬಂದ ಕಪ್ಪು ಕಣಗಳನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿರಿ. ಕಣದ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬರೀ ಮಣ್ಣಾಗಿದ್ದರೆ ಕೆಂಪು ಬಾರದು.

ಏನೂ ಸಿಗದಿದ್ದರೂ ಚಿಗಟವಿಲ್ಲವೆಂದು ತೀರ್ಮಾನಿಸಬಾರದು. ಅತಿಯಾಗಿ ನೆಕ್ಕುವ ಬೆಕ್ಕು ಚಿಗಟಗಳನ್ನು ನುಂಗಿಬಿಡುತ್ತದೆ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು, ತುರಿಕೆ ಬಹುದಿನ ಉಳಿಯುತ್ತದೆ. ಹೀಗೆ ನುಂಗಿದ ಚಿಗಟದಿಂದ ಲಾಡಿಹುಳು ಬರುವುದರಿಂದ, ಗುದದ್ವಾರದ ಬಳಿ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಅದೂ ಒಂದು ಸುಳಿವು.

ಚಿಗಟದ ಮೊಟ್ಟೆಗಳು ಮೈಮೇಲಿಂದ ಉದುರಿ ಗೋಣಿಚೀಲ, ಹುಲ್ಲು, ಹಾಸಿಗೆಗಳಲ್ಲಿ ಬೆಳೆಯುತ್ತವೆ. ಆದಕಾರಣ ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ, ಆಯಾ ಪ್ರಾಣಿಗೆಂದೇ ತಯಾರಾದ ಔಷಧವನ್ನು, ಕನಿಷ್ಠ 3 ತಿಂಗಳು ತಪ್ಪದೆ ಹಾಕಬೇಕು. ಬೆಕ್ಕಿಗೆ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಯನ್ನು ವೈದ್ಯರ ಸಲಹೆಯಂತೆ, ನಾಲಿಗೆಗೆ ಎಟುಕದ ಕತ್ತಿನ ಹಿಂಭಾಗದಲ್ಲಿ, ಕೂದಲು ಬಿಡಿಸಿ ಚರ್ಮಕ್ಕೇ ಹಾಕಬೇಕು.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ದನದ ಉಣ್ಣೆಗೆ ತಂದಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್ ದ್ರಾವಣವನ್ನಾಗಲಿ, ನಾಯಿಯ ಪರ್ಮೆಥ್ರಿನ್ ಹನಿಯನ್ನಾಗಲಿ, ಬೆಳೆಗೆ ಸಿಂಪಡಿಸುವ ಫಿಪ್ರೊನಿಲ್ಲನ್ನಾಗಲಿ ಬೆಕ್ಕಿಗೆ ಬಳಸಲೇಬಾರದು. ಪರ್ಮೆಥ್ರಿನ್ ವಿಷವನ್ನು ಬೆಕ್ಕಿನ ಯಕೃತ್ತು ಬೇಗ ಕರಗಿಸಲಾರದು. ನಡುಕ, ಜೊಲ್ಲು, ಸೆಳೆತ ಬಂದು ಬೆಕ್ಕು ಸಾಯಬಹುದು. ತಪ್ಪಿ ಹಾಕಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಟ್ಟಿಗೆಗೆ ಸಿಂಪಡಿಸಿದಾಗ ನೆಲ ಒಣಗುವವರೆಗೆ ಬೆಕ್ಕನ್ನು ದೂರವಿಡಿರಿ.

ಕಿವಿಯಂಚು, ಮುಖ ಮತ್ತು ಕತ್ತಿನಲ್ಲಿ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ನುಸಿಯ ಕಜ್ಜಿಯಿರಬಹುದು. ದುಂಡನೆಯ, ಹೊಟ್ಟು ಏಳುವ ಮಚ್ಚೆಗಳು ಹುಳುಕಡ್ಡಿಯನ್ನು ಸೂಚಿಸುತ್ತವೆ. ಇದು ಮನೆಯ ಮಕ್ಕಳಿಗೂ ತಗಲುವ ಶಿಲೀಂಧ್ರ ರೋಗವಾದುದರಿಂದ ತಡಮಾಡದೆ ಚರ್ಮದ ಪರೀಕ್ಷೆ ಮಾಡಿಸಿರಿ.

ಪರಾವಲಂಬಿಗಳ ಚಿಕಿತ್ಸೆಯ ನಂತರವೂ ನೆಕ್ಕುವಿಕೆ ನಿಲ್ಲದಿದ್ದರೆ ಆಹಾರದ ಅಲರ್ಜಿಯನ್ನು ಪರಿಶೀಲಿಸಬೇಕು. ವೈದ್ಯರು ಸೂಚಿಸಿದ, ಬೆಕ್ಕು ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸದ ಆಹಾರವನ್ನು 8 ವಾರ ಕೊಟ್ಟು, ಸುಧಾರಿಸಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ತುರಿಕೆ ಮರಳಿದರೆ ಕಾರಣ ಖಚಿತ. ಆದರೆ ಹೊಲದಲ್ಲಿ ಇಲಿ ಹಿಡಿದು, ಪಕ್ಕದ ಮನೆಯಲ್ಲಿ ಹಾಲು ಕುಡಿಯುವ ಬೆಕ್ಕಿಗೆ ಈ ಪರೀಕ್ಷೆ ಅರ್ಥಹೀನ. ಅಷ್ಟೂ ದಿನ ಅದನ್ನು ಒಳಗೇ ಇರಿಸಲು ಸಾಧ್ಯವಿದ್ದರೆ ಮಾತ್ರ ಕೈಗೊಳ್ಳಿರಿ. ಪರಾಗ ಮತ್ತು ಧೂಳಿನ ಅಲರ್ಜಿ ಕೆಲವು ಬೆಕ್ಕುಗಳಲ್ಲಿ ಋತುವಿಗನುಸಾರ ಹೆಚ್ಚು ಕಡಿಮೆಯಾಗುತ್ತದೆ. ಕಾರಣ ಹುಡುಕದೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸಿದರೆ ತುರಿಕೆ ಕೆಲಕಾಲ ಅಡಗಿ, ರೋಗ ಗುರುತಿಸುವುದು ಇನ್ನಷ್ಟು ಕಷ್ಟವಾಗುತ್ತದೆ.

ಮಾನಸಿಕ ಒತ್ತಡವನ್ನು ಕೊನೆಯಲ್ಲಿ ಇರಿಸಿರುವುದು ಉದ್ದೇಶಪೂರ್ವಕ. ಒತ್ತಡವೇ ಕಾರಣವೆಂದು ಭಾವಿಸಲಾಗಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೇವಲ 2 ಬೆಕ್ಕುಗಳಲ್ಲಿ ಮಾತ್ರ ಒತ್ತಡವೊಂದೇ ಕಾರಣವಾಗಿತ್ತು. ಚರ್ಮ ಆರೋಗ್ಯವಾಗಿದ್ದು, ಹೊಟ್ಟೆಯ ಎರಡೂ ಬದಿ ಸಮನಾಗಿ ಬೋಳಾಗಿದ್ದು, ಮೇಲಿನ ಎಲ್ಲ ಕಾರಣಗಳೂ ತಳ್ಳಿಹೋದ ಮೇಲೆಯೇ ಒತ್ತಡವನ್ನು ಪರಿಗಣಿಸಿರಿ. ಮೂತ್ರಕೋಶದ ನೋವಿದ್ದರೂ ಬೆಕ್ಕು ಕಿಬ್ಬೊಟ್ಟೆಯನ್ನು ನೆಕ್ಕುತ್ತದೆ; ಪದೇಪದೇ ತಿಣುಕುತ್ತಿದ್ದರೆ ವೈದ್ಯರಿಗೆ ತಿಳಿಸಿರಿ. ಒತ್ತಡವೇ ಆಗಿದ್ದಲ್ಲಿ ನಾಯಿ ಏರಲಾರದ ಅಟ್ಟದ ಮೇಲೆ ಊಟದ ತಟ್ಟೆ ಮತ್ತು ಮಲಗುವ ಜಾಗ ಒದಗಿಸಿ, ನೆಕ್ಕುವಾಗ ಗದರಿಸುವುದನ್ನು ಬಿಡಬೇಕು.

ನೆಕ್ಕುವಿಕೆ ನಿಂತ ಮೇಲೂ ಕೂದಲು ಪೂರ್ತಿ ತುಂಬಲು ಒಂದೆರಡು ತಿಂಗಳು ಹಿಡಿಯಬಹುದು. 15 ದಿನಕ್ಕೊಮ್ಮೆ ಅದೇ ಜಾಗದ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಬದಲಾವಣೆಯನ್ನು ವೈದ್ಯರಿಗೆ ತೋರಿಸಲು ಅನುಕೂಲ.