ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ: ಉತ್ಸವದ ದಿನದ ನಿಮಿಷವಾರು ಕಾರ್ಯಪಟ್ಟಿ

ಮಹಾವೀರ ಜಯಂತಿಯ ಆಮಂತ್ರಣ ಪತ್ರಿಕೆಯಲ್ಲಿ ‘ಮಧ್ಯಾಹ್ನ 2.30ಕ್ಕೆ ಪಲ್ಲಕ್ಕಿ ಉತ್ಸವ, ನಂತರ ಭೋಜನ’ ಎಂದು ಅಚ್ಚಾಗಿರುತ್ತದೆ. ಈ ‘ನಂತರ’ ಎಂಬ ಮಾತಿನಲ್ಲೇ ತೊಂದರೆ ಇದೆ. ಮೆರವಣಿಗೆ ಒಂದು ಗಂಟೆ ತಡವಾದರೆ ಕೊನೆಯ ಪಂಕ್ತಿಗೆ ಕುಳಿತವರಿಗೆ ಸೂರ್ಯ ಮುಳುಗಿರುತ್ತದೆ. ರಾತ್ರಿ ಭೋಜನ ತ್ಯಾಗದ ನಿಯಮವುಳ್ಳ ಹಿರಿಯರು, ದೂರದ ಊರಿನಿಂದ ಬಂದವರು ಹಸಿದೇ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ನಮ್ಮ ಸಮಾರಂಭಗಳ ಕಾರ್ಯಪಟ್ಟಿಯನ್ನು ಬೆಳಗಿನಿಂದ ಮುಂದಕ್ಕಲ್ಲ, ಸೂರ್ಯಾಸ್ತದಿಂದ ಹಿಂದಕ್ಕೆ ಬರೆಯಬೇಕು.

ಒಂದು ಬಸದಿಯ ಲೆಕ್ಕವನ್ನು ಉದಾಹರಣೆಯಾಗಿ ಮಾಡಿ ನೋಡೋಣ. ಆ ದಿನ ಸೂರ್ಯಾಸ್ತ ಸಂಜೆ 6.34ಕ್ಕೆ ಎಂದುಕೊಳ್ಳಿ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಪದ್ಧತಿಯನ್ನು ಪಾಲಿಸಿದರೆ 5.45ಕ್ಕೆ ಕೊನೆಯ ಎಲೆ ಎತ್ತಬೇಕು. ಊಟಕ್ಕೆ 600 ಜನ. ಸಭಾಭವನದಲ್ಲಿ ಒಮ್ಮೆಗೆ 200 ಜನ ಕೂರಬಹುದು. ಬಡಿಸಿ, ಉಂಡು, ಎಲೆ ತೆಗೆದು, ನೆಲ ಒರೆಸಿ ಮತ್ತೆ ಎಲೆ ಹಾಕಲು ಪಂಕ್ತಿಗೆ 30 ನಿಮಿಷ. ಮೂರು ಪಂಕ್ತಿಗೆ 90 ನಿಮಿಷವಾಯಿತು. ಹಾಗಾದರೆ ಮೊದಲ ಪಂಕ್ತಿ 4.15ಕ್ಕೆ ಕೂರಬೇಕು, ಕೈಕಾಲು ತೊಳೆಯಲು ಹತ್ತು ನಿಮಿಷ ಬಿಟ್ಟರೆ ಪಲ್ಲಕ್ಕಿ 4.05ಕ್ಕೆ ಬಸದಿಗೆ ಮರಳಿರಬೇಕು.

ಈಗ ಮೆರವಣಿಗೆಯ ಲೆಕ್ಕ. ದಾರಿ ಒಂದೂವರೆ ಕಿಲೋಮೀಟರ್. ವಾದ್ಯದೊಂದಿಗೆ ನಿಧಾನವಾಗಿ ನಡೆದರೆ 40 ನಿಮಿಷ ಬೇಕು. ದಾರಿಯ 14 ಮನೆಗಳ ಮುಂದೆ ಆರತಿಗೆ ತಲಾ 3 ನಿಮಿಷದಂತೆ 42 ನಿಮಿಷ. ಒಟ್ಟು 82 ನಿಮಿಷ. ಹೆಚ್ಚಿನವರು ನಡಿಗೆಯನ್ನಷ್ಟೇ ಎಣಿಸುತ್ತಾರೆ, ನಿಲ್ಲುವುದನ್ನು ಮರೆಯುತ್ತಾರೆ. 2.30ಕ್ಕೆ ಹೊರಟರೆ 3.52ಕ್ಕೆ ಮರಳಬಹುದು, ಕೈಯಲ್ಲಿ ಉಳಿಯುವುದು 13 ನಿಮಿಷ ಮಾತ್ರ.

ಪಟ್ಟಿಯ ಪ್ರತಿ ಸಾಲಿನಲ್ಲಿ ಸಮಯ, ಕೆಲಸ, ಹೊಣೆ ಹೊತ್ತ ಒಬ್ಬರು ಮತ್ತು ಅವರಿಲ್ಲದಿದ್ದರೆ ಯಾರು ಎಂಬುದು ಇರಲಿ. ‘ಯುವಕ ಮಂಡಳಿ’ ಎಂದು ಬರೆದರೆ ಆ ಕೆಲಸ ಯಾರದೂ ಅಲ್ಲ ಎಂದಾಗುತ್ತದೆ. ಹುದ್ದೆಯ ಜೊತೆಗೆ ವ್ಯಕ್ತಿಯ ಹೆಸರನ್ನೂ ಬರೆಯಿರಿ.

- 2.10: ಪಲ್ಲಕ್ಕಿಗೆ ಹೂವಿನ ಅಲಂಕಾರ ಮುಗಿದಿದೆ. ಪೂಜಾ ಪ್ರಮುಖರು.
- 2.20: ವಾದ್ಯದವರು ಬಾಗಿಲ ಬಳಿ ನಿಂತಿದ್ದಾರೆ. ಮೆರವಣಿಗೆ ಪ್ರಮುಖರು.
- 2.30: ಪಲ್ಲಕ್ಕಿ ಹೊರಡುತ್ತದೆ. ಮೆರವಣಿಗೆ ಪ್ರಮುಖರು.
- 3.45: ಅನ್ನ ಇಳಿದಿದೆ, ಸೋಸಿದ ನೀರು ತುಂಬಿದೆ. ಭೋಜನ ಪ್ರಮುಖರು.
- 4.05: ಮೊದಲ ಪಂಕ್ತಿಯ ಎಲೆ ಹಾಕಿದೆ. ಭೋಜನ ಪ್ರಮುಖರು.

ಸಾಲುಗಳನ್ನು ‘ಮುಗಿದಿದೆ’, ‘ನಿಂತಿದ್ದಾರೆ’ ಎಂದೇ ಬರೆಯಿರಿ. ಆಗ ನೋಡಿದ ಕೂಡಲೇ ಹೌದು ಅಥವಾ ಇಲ್ಲ ಎನ್ನಬಹುದು. ‘ನಡೆಯುತ್ತಿದೆ’ ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ.

ತಡವಾದರೆ ಏನು ಮಾಡುವುದೆಂದು ಬೀದಿಯಲ್ಲಿ ನಿಂತು ಚರ್ಚಿಸಬಾರದು. ಅದನ್ನೂ ಗಡಿಯಾರದ ಸಮಯದೊಂದಿಗೆ ಮೊದಲೇ ಬರೆಯಬೇಕು. 2.45ಕ್ಕೂ ಪಲ್ಲಕ್ಕಿ ಹೊರಡದಿದ್ದರೆ 14 ಮನೆಗಳ ಆರತಿಯನ್ನು ನಾಲ್ಕು ಕಡೆ ಸಾಮೂಹಿಕವಾಗಿ, ತಲಾ 5 ನಿಮಿಷ ಮಾಡುವುದು. ಇದರಿಂದ 22 ನಿಮಿಷ ಉಳಿಯುತ್ತದೆ, 3.05ಕ್ಕೆ ಹೊರಟರೂ 4.05ಕ್ಕೆ ಮರಳಬಹುದು. ಅದಕ್ಕಿಂತಲೂ ತಡವಾದರೆ ಪಲ್ಲಕ್ಕಿಗೆ ಕಾಯದೆ 4.15ಕ್ಕೆ ಹಿರಿಯರು, ಮಕ್ಕಳು ಮತ್ತು ದೂರದವರಿಗೆ ಮೊದಲ ಪಂಕ್ತಿ. ಇದನ್ನು ಘೋಷಿಸುವ ಅಧಿಕಾರ ಸಂಯೋಜಕರೊಬ್ಬರಿಗೇ ಇರಲಿ. ಆ 14 ಮನೆಯವರಿಗೆ ವಾರದ ಮೊದಲೇ ಈ ಬದಲಿ ವ್ಯವಸ್ಥೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾದವರಿಗೆ ಆ ಕ್ಷಣದಲ್ಲಿ ಹೇಳಿದರೆ ಮನಸ್ಸು ನೋಯುತ್ತದೆ, ಪಲ್ಲಕ್ಕಿಯೂ ಅಲ್ಲಿಯೇ ನಿಲ್ಲುತ್ತದೆ.

ಸುದ್ದಿ ಹರಿಯಲು ಸಂಪರ್ಕ ಸರಪಳಿ ಬೇಕು. ಸಂಯೋಜಕರು ಪೂಜೆ, ಮೆರವಣಿಗೆ, ಭೋಜನ, ವಾಹನ ಈ ನಾಲ್ವರು ಪ್ರಮುಖರಿಗೆ ಮಾತ್ರ ಕರೆ ಮಾಡುತ್ತಾರೆ. ಪ್ರತಿ ಪ್ರಮುಖರು ತಮ್ಮ ಐವರಿಗೆ ತಿಳಿಸಿ, ಐವರಿಂದಲೂ ಉತ್ತರ ಬಂದ ಮೇಲೆ ಸಂಯೋಜಕರಿಗೆ ‘ತಿಳಿಯಿತು’ ಎನ್ನುತ್ತಾರೆ. ಕೆಳಗಿನವರು ತಮ್ಮ ಪ್ರಮುಖರನ್ನೇ ಕೇಳಬೇಕು. ಎಲ್ಲರೂ ಅಧ್ಯಕ್ಷರಿಗೇ ಕರೆ ಮಾಡಿದರೆ ಅವರ ಫೋನ್ ಸದಾ ಬಿಡುವಿಲ್ಲದಂತಾಗುತ್ತದೆ. ವಾದ್ಯದ ಸದ್ದಿನಲ್ಲಿ ಪಲ್ಲಕ್ಕಿಯ ಬಳಿ ಇರುವವರಿಗೆ ಫೋನ್ ಕೇಳಿಸದು. ಹೀಗಾಗಿ ಐವತ್ತು ಹೆಜ್ಜೆ ಮುಂದೆ ಫೋನ್ ಹಿಡಿದ ಒಬ್ಬರು ನಡೆಯಲಿ, ಸುದ್ದಿಯನ್ನು ಓಡಿ ಬಂದು ಮುಟ್ಟಿಸಲಿ.

ಹಿಂದಿನ ಸಂಜೆ ಸರಪಳಿಯಲ್ಲಿ ಒಂದು ಸಂದೇಶ ಬಿಟ್ಟು ನೋಡಿ. ನಾಲ್ವರ ‘ತಿಳಿಯಿತು’ ಹತ್ತು ನಿಮಿಷದಲ್ಲಿ ಬರದಿದ್ದರೆ ಯಾರಲ್ಲಿ ನಿಂತಿತೆಂದು ಹುಡುಕಿ, ಅಲ್ಲಿ ಬದಲಿ ವ್ಯಕ್ತಿಯ ಸಂಖ್ಯೆ ಸೇರಿಸಿ. ಪಟ್ಟಿಯನ್ನು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ, ಒಂದು ಪ್ರತಿಯನ್ನು ಅಡುಗೆ ಮನೆಯ ಬಾಗಿಲಿಗೆ ಅಂಟಿಸಿ. 5.45ರ ಸಾಲಿಗೆ ಕೆಂಪು ಗೆರೆ ಎಳೆಯಿರಿ. ದಿನವಿಡೀ ಯಾವ ಸಾಲು ಬದಲಾದರೂ ಆ ಸಾಲು ಬದಲಾಗುವಂತಿಲ್ಲ.