ಹೆಜ್ಜೆ ಎಷ್ಟು ಚಿಕ್ಕದಿರಬೇಕು?

x = 1 ಇದ್ದಲ್ಲಿ eˣ ಬದಲಾಗುವ ದರ, ಅಂದರೆ ಡೆರಿವೇಟಿವ್, 2.71828. ಕಂಪ್ಯೂಟರ್ ಇದನ್ನು (f(x+h) − f(x))/h ಸೂತ್ರದಿಂದ ಅಂದಾಜಿಸಬಹುದು. ಹೆಜ್ಜೆ h = 0.1 ಆದರೆ ಉತ್ತರ 2.8588. ವಕ್ರರೇಖೆಯ ಬಾಗನ್ನು ಸೂತ್ರ ಕೈಬಿಡುವುದರಿಂದ ಬರುವ ಇದು ಮೊಟಕು ದೋಷ. H ಕುಗ್ಗಿದಷ್ಟೂ ಇದೂ ಕುಗ್ಗುತ್ತದೆ.

ಆದರೆ ಕಂಪ್ಯೂಟರ್ ಸಾಮಾನ್ಯವಾಗಿ ಸುಮಾರು 16 ಅಂಕಿಗಳನ್ನಷ್ಟೇ ಉಳಿಸಿಕೊಂಡು ರೌಂಡ್ ಮಾಡುತ್ತದೆ. h ತೀರ ಚಿಕ್ಕದಾದಾಗ ಎರಡು ಬೆಲೆಗಳು ಬಹುತೇಕ ಒಂದೇ ಆಗಿ, ಕಳೆದ ಮೇಲೆ ನಂಬಲಾಗದ ಕೊನೆಯ ಅಂಕಿಗಳೇ ಉಳಿಯುತ್ತವೆ. H ನಿಂದ ಭಾಗಿಸಿದಾಗ ಆ ದೋಷ ಹಿಗ್ಗುತ್ತದೆ. h = 10⁻¹⁶ ಆದರೆ 1 + h ಎಂಬುದು 1 ಆಗಿಯೇ ಉಳಿದು, ಉತ್ತರ ಸೊನ್ನೆಯಾಗುತ್ತದೆ.

ಮೊಟಕು ದೋಷ ಸುಮಾರು h ನಷ್ಟು, ರೌಂಡಿಂಗ್ ದೋಷ ಸುಮಾರು 10⁻¹⁶/h ನಷ್ಟು. ಎರಡೂ ಸರಿದೂಗುವುದು h ಸುಮಾರು 10⁻⁸ ಇದ್ದಾಗ. ಎರಡೂ ಬದಿಯ ಬೆಲೆ ಬಳಸುವ ಕೇಂದ್ರ ವ್ಯತ್ಯಾಸ ಸೂತ್ರದಲ್ಲಿ ಮೊಟಕು ದೋಷ h² ನಷ್ಟಿರುವುದರಿಂದ ಸುಮಾರು 10⁻⁵ ಸೂಕ್ತ ಹೆಜ್ಜೆ.